ಸಂಬಳದ ಚೀಟಿಯಲ್ಲಿ ಯಾವ ಸಾಲಿಗೆ ತೆರಿಗೆ, ಯಾವುದಕ್ಕಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಸಂಬಳದ ಲೆಕ್ಕ ಬರೆಯುವ ಕೆಲಸ ನನ್ನದು. ಪ್ರತಿ ಜನವರಿಯಲ್ಲಿ ಒಂದೇ ಬಗೆಯ ಪ್ರಶ್ನೆಗಳು ನನ್ನ ಮೇಜಿನ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ಅವುಗಳಿಗೆ ಬಾಯಲ್ಲಿ ಹೇಳುತ್ತಾ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಅಂಕಿಗಳು, ನಿಯಮಗಳು, ಫಾರ್ಮುಗಳ ಹೆಸರುಗಳು ಎಲ್ಲ 2025-26ರ ಆರ್ಥಿಕ ವರ್ಷದವು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿರುವುದರಿಂದ ಅವುಗಳ ಗೊಡವೆಗೆ ಹೆಚ್ಚು ಹೋಗಿಲ್ಲ.

ಚೀಟಿ ಕೈಗೆ ಬಂದ ಕೂಡಲೇ ಮೊದಲು ಏನನ್ನು ನೋಡಬೇಕು?

ಕೈಗೆ ಬರುವ ಮೊತ್ತವನ್ನು ನೋಡಿ ಮಡಚಿಡುವವರೇ ಹೆಚ್ಚು. ನೀವು ಮೊದಲು ಹುಡುಕಬೇಕಾದದ್ದು ನಿಮ್ಮ ತೆರಿಗೆಯನ್ನು ಹಳೆ ಪದ್ಧತಿಯಲ್ಲಿ ಲೆಕ್ಕ ಹಾಕಿದ್ದಾರೋ ಹೊಸ ಪದ್ಧತಿಯಲ್ಲೋ ಎಂಬುದನ್ನು. ಚೀಟಿಯ ಪ್ರತಿಯೊಂದು ಸಾಲಿನ ಹಣೆಬರಹ ನಿರ್ಧಾರವಾಗುವುದು ಅಲ್ಲಿ. ಮನೆ ಬಾಡಿಗೆ ಭತ್ಯೆಯ ಒಂದು ಭಾಗಕ್ಕೆ ಹಳೆ ಪದ್ಧತಿಯಲ್ಲಿ ವಿನಾಯಿತಿ ಸಿಗಬಹುದು. ಹೊಸದರಲ್ಲಿ ಅದೇ ಭತ್ಯೆಯ ಪ್ರತಿ ರೂಪಾಯಿಯೂ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ.

ಕೆಲವು ಚೀಟಿಗಳ ಅಡಿಯಲ್ಲಿ ಪದ್ಧತಿಯ ಹೆಸರನ್ನೇ ಅಚ್ಚು ಮಾಡಿರುತ್ತಾರೆ. ಇಲ್ಲದಿದ್ದರೆ ಜೊತೆಗೆ ಬರುವ ತೆರಿಗೆ ಲೆಕ್ಕದ ಹಾಳೆಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಎಂಬ ಸಾಲನ್ನು ನೋಡಿ. ಅಲ್ಲಿ 75,000 ಎಂದಿದ್ದರೆ ಹೊಸ ಪದ್ಧತಿ, 50,000 ಎಂದಿದ್ದರೆ ಹಳೆಯದು. ಇದಕ್ಕಿಂತ ಸುಲಭದ ಗುರುತು ಬೇರೆ ಇಲ್ಲ.

ನಾನು ಯಾವುದನ್ನೂ ಆರಿಸಿಲ್ಲ. ಹಾಗಾದರೆ ನನ್ನದು ಯಾವ ಪದ್ಧತಿ?

ಹೊಸದು. 2023-24ರಿಂದ ಅದೇ ಸಹಜ ಪದ್ಧತಿ. ಹಳೆಯದು ಬೇಕಿದ್ದವರು ಬೇಕು ಎಂದು ಕಚೇರಿಗೆ ತಿಳಿಸಬೇಕು.

ಸಂಬಳದ ಚೀಟಿಯ ಎಡಗಡೆ ಇರುವುದಕ್ಕೆಲ್ಲ ತೆರಿಗೆ, ಬಲಗಡೆ ಇರುವುದೆಲ್ಲ ತೆರಿಗೆ ಉಳಿತಾಯ ಅಲ್ಲವೇ?

ಅಲ್ಲ. ನಾನು ಅತಿ ಹೆಚ್ಚು ಬಾರಿ ತಿದ್ದಿರುವ ತಪ್ಪು ಕಲ್ಪನೆ ಇದು. ಗಳಿಕೆಯ ಕಾಲಂನಲ್ಲಿರುವ ಎಲ್ಲದಕ್ಕೂ ತೆರಿಗೆ ಇರುವುದಿಲ್ಲ. ಕಡಿತದ ಕಾಲಂನಲ್ಲಿರುವ ಎಲ್ಲವೂ ತೆರಿಗೆಯನ್ನು ಇಳಿಸುವುದಿಲ್ಲ.

ಒಬ್ಬ ಸಹೋದ್ಯೋಗಿಯ ಚೀಟಿಯನ್ನು ಮುಂದಿಟ್ಟುಕೊಳ್ಳೋಣ. ಲೆಕ್ಕ ಸಲೀಸಾಗಲೆಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಅವರು ಮಡಿಕೇರಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ.

ಗಳಿಕೆ:
ಮೂಲ ವೇತನ 40,000
ಮನೆ ಬಾಡಿಗೆ ಭತ್ಯೆ 16,000
ವಿಶೇಷ ಭತ್ಯೆ 13,500
ಗುಡ್ಡಗಾಡು ಭತ್ಯೆ 500
ಒಟ್ಟು 70,000

ಕಡಿತ:
ಭವಿಷ್ಯ ನಿಧಿ 4,800
ವೃತ್ತಿ ತೆರಿಗೆ 200
ಟಿಡಿಎಸ್ 2,978

ಮೂಲ ವೇತನಕ್ಕೆ ಯಾವ ಪದ್ಧತಿಯಲ್ಲಿಯೂ ರಿಯಾಯಿತಿ ಇಲ್ಲ, ಪೂರ್ತಿ ತೆರಿಗೆಗೆ ಒಳಪಟ್ಟದ್ದು. ವಿಶೇಷ ಭತ್ಯೆಯೂ ಹಾಗೆಯೇ. ಹೆಸರಿನಲ್ಲಿ ವಿಶೇಷವಿದೆ ಎಂದು ಅದಕ್ಕೇನೋ ವಿನಾಯಿತಿ ಇರಬೇಕೆಂದು ಕೆಲವರು ನಂಬಿರುತ್ತಾರೆ. ಉಳಿದ ಭತ್ಯೆಗಳಿಗೆ ಹಂಚಿ ಮಿಕ್ಕ ಹಣವನ್ನು ತುಂಬಿಡುವ ಚೀಲ ಅದು, ಅಷ್ಟೆ. ವಿನಾಯಿತಿಯ ಮಾತು ಬರುವುದು ಬಾಡಿಗೆ ಭತ್ಯೆಗೆ ಮತ್ತು ಗುಡ್ಡಗಾಡು ಭತ್ಯೆಗೆ, ಅದೂ ಹಳೆ ಪದ್ಧತಿಯಲ್ಲಿ ಮಾತ್ರ.

ಇನ್ನು ಬಲಗಡೆ. ಟಿಡಿಎಸ್ ಎಂದರೆ ಕಚೇರಿ ನಿಮ್ಮ ಸಂಬಳದಿಂದ ಮೊದಲೇ ಹಿಡಿಯುವ ಆದಾಯ ತೆರಿಗೆ. ಭವಿಷ್ಯ ನಿಧಿಗೆ ಹೋಗುವ ನಿಮ್ಮ ಪಾಲು ಹಳೆ ಪದ್ಧತಿಯಲ್ಲಿ 80ಸಿ ಅಡಿ ಒಂದೂವರೆ ಲಕ್ಷದ ಮಿತಿಯೊಳಗೆ ಆದಾಯದಿಂದ ಕಳೆಯುತ್ತದೆ. ವೃತ್ತಿ ತೆರಿಗೆಯೂ ಕಳೆಯುತ್ತದೆ. ಹೊಸ ಪದ್ಧತಿಯಲ್ಲಿ ಎರಡೂ ಕಳೆಯುವುದಿಲ್ಲ: ಹಣ ಚೀಟಿಯಿಂದ ಹೋಗುತ್ತದೆ, ಆದರೆ ತೆರಿಗೆಯ ಲೆಕ್ಕದಲ್ಲಿ ನಿಮ್ಮ ಆದಾಯವಾಗಿಯೇ ಉಳಿಯುತ್ತದೆ. ಸೊಸೈಟಿ ಸಾಲದ ಕಂತು, ಹುತ್ತರಿಗೆ ಪಡೆದ ಮುಂಗಡದ ವಸೂಲಿ ಇಂಥವು ಯಾವ ಪದ್ಧತಿಯಲ್ಲಿಯೂ ತೆರಿಗೆಯನ್ನು ಇಳಿಸುವುದಿಲ್ಲ. ಹಬ್ಬದ ಮುಂಗಡ ಕೊಟ್ಟಾಗಲೂ ಅದು ಆದಾಯವಲ್ಲ. ಹಬ್ಬದ ಬೋನಸ್ ಮಾತ್ರ ಆದಾಯ.

ವೃತ್ತಿ ತೆರಿಗೆ ಫೆಬ್ರವರಿಯಲ್ಲಿ 300 ಹಿಡಿದಿದ್ದಾರೆ. ತಪ್ಪೇ?

ತಪ್ಪಲ್ಲ. 2025ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ 300, ಹೀಗೆ ವರ್ಷಕ್ಕೆ 2,500. ತಿಂಗಳ ಸಂಬಳ 25,000ಕ್ಕಿಂತ ಕಡಿಮೆ ಇದ್ದವರಿಗೆ ಇದು ಇಲ್ಲ.

ತಿಂಗಳಿಗೆ 16,000 ಬಾಡಿಗೆ ಭತ್ಯೆ ಬರುತ್ತಿದೆ, ಮನೆ ಬಾಡಿಗೆ 10,000 ಕಟ್ಟುತ್ತೇನೆ. ವರ್ಷದ 1,20,000ಕ್ಕೂ ವಿನಾಯಿತಿ ಸಿಗುವುದಿಲ್ಲವೇ?

ಸಿಗುವುದಿಲ್ಲ. ಮೂರು ಮೊತ್ತಗಳನ್ನು ಪಕ್ಕಪಕ್ಕದಲ್ಲಿ ಬರೆದು ಅವುಗಳಲ್ಲಿ ಚಿಕ್ಕದನ್ನು ಆರಿಸಬೇಕು. ಮೇಲಿನ ಚೀಟಿಯ ಪ್ರಕಾರ ಲೆಕ್ಕ ಹೀಗೆ.

ಮೊದಲನೆಯದು, ವರ್ಷದಲ್ಲಿ ಬಂದ ಬಾಡಿಗೆ ಭತ್ಯೆ: 1,92,000. ಎರಡನೆಯದು, ಕಟ್ಟಿದ ಬಾಡಿಗೆಯಿಂದ ಮೂಲ ವೇತನದ ಹತ್ತನೇ ಒಂದು ಭಾಗ ಕಳೆದರೆ ಉಳಿಯುವುದು. ವರ್ಷದ ಮೂಲ ವೇತನ 4,80,000, ಅದರ ಶೇಕಡ 10 ಎಂದರೆ 48,000. 1,20,000ರಲ್ಲಿ ಅದನ್ನು ಕಳೆದರೆ 72,000. ಮೂರನೆಯದು, ಮೂಲ ವೇತನದ ಶೇಕಡ 40. ಶೇಕಡ 50ರ ಲೆಕ್ಕ ಆ ವರ್ಷ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಕೊಡಗಿನ ಯಾವ ಊರಿಗಾದರೂ ಶೇಕಡ 40. ಇಲ್ಲಿ ಅದು 1,92,000.

ಮೂರರಲ್ಲಿ ಚಿಕ್ಕದು 72,000. ಅಷ್ಟಕ್ಕೆ ಮಾತ್ರ ವಿನಾಯಿತಿ. ಉಳಿದ 1,20,000 ತೆರಿಗೆಗೆ ಒಳಪಡುತ್ತದೆ. ನಮ್ಮ ಜಿಲ್ಲೆಯಲ್ಲಿ ಬಾಡಿಗೆ ಬೆಂಗಳೂರಿನಷ್ಟಿಲ್ಲದ ಕಾರಣ ಬಹುತೇಕ ಚೀಟಿಗಳಲ್ಲಿ ಕೈಕಟ್ಟುವುದು ಈ ಎರಡನೆಯ ಮೊತ್ತವೇ. ಭತ್ಯೆ ಎಷ್ಟೇ ಹೆಚ್ಚಿರಲಿ, ಬಾಡಿಗೆ ಕಡಿಮೆಯಿದ್ದರೆ ಲಾಭವಿಲ್ಲ. ಮೂಲ ವೇತನದ ಜೊತೆಗೆ ತುಟ್ಟಿಭತ್ಯೆ ಇದ್ದು, ಅದು ನಿವೃತ್ತಿ ಸೌಲಭ್ಯಗಳ ಲೆಕ್ಕಕ್ಕೆ ಸೇರುವಂಥದ್ದಾದರೆ ಅದನ್ನೂ ಮೂಲ ವೇತನಕ್ಕೆ ಕೂಡಿಸಿ ಶೇಕಡ 10 ತೆಗೆಯಬೇಕು. ಆಗ ವಿನಾಯಿತಿ ಇನ್ನೂ ಕುಗ್ಗುತ್ತದೆ.

ಬಾಡಿಗೆ ವರ್ಷಕ್ಕೆ ಒಂದು ಲಕ್ಷ ಮೀರಿದರೆ ಮನೆ ಮಾಲೀಕರ ಪ್ಯಾನ್ ಸಂಖ್ಯೆಯನ್ನು 12ಬಿಬಿ ಎಂಬ ಫಾರ್ಮಿನಲ್ಲಿ ಬರೆಯಬೇಕು. ಪ್ಯಾನ್ ಕೇಳಿದ ಕೂಡಲೇ ಮುಖ ತಿರುಗಿಸುವ ಮಾಲೀಕರು ಮಡಿಕೇರಿಯಲ್ಲಿಯೂ ಇದ್ದಾರೆ. ಇದನ್ನು ಮನೆಗೆ ಮುಂಗಡ ಕೊಡುವ ಮುಂಚೆಯೇ ಮಾತನಾಡಿಕೊಂಡಿರುವುದು ಲೇಸು. ಬಾಡಿಗೆಯನ್ನು ಬ್ಯಾಂಕ್ ಮೂಲಕವೇ ಕೊಡಿ. ಕಾಗದದ ರಸೀದಿಗಳು ನಮ್ಮ ಮಳೆಗಾಲದಲ್ಲಿ ಕಪಾಟಿನೊಳಗೇ ಬೂಷ್ಟು ಹಿಡಿದು ಜನವರಿಯ ಹೊತ್ತಿಗೆ ಓದಲು ಬಾರದಂತೆ ಆಗಿರುವುದನ್ನು ಕಂಡಿದ್ದೇನೆ.

ಅಪ್ಪ ಅಮ್ಮನ ಮನೆಯಲ್ಲಿಯೇ ಇದ್ದೇನೆ. ಅವರಿಗೆ ಬಾಡಿಗೆ ಕೊಟ್ಟೆ ಎಂದು ತೋರಿಸಬಹುದೇ?

ಮನೆ ಅವರ ಹೆಸರಿನಲ್ಲಿದ್ದು, ನೀವು ನಿಜವಾಗಿ ಬಾಡಿಗೆ ಕೊಡುತ್ತಿದ್ದು, ಅವರು ಅದನ್ನು ತಮ್ಮ ಆದಾಯವೆಂದು ತೋರಿಸಿದರೆ ಕಾನೂನಿನ ಅಡ್ಡಿಯಿಲ್ಲ. ಹಣ ತಿಂಗಳುತಿಂಗಳು ಅವರ ಖಾತೆಗೆ ಹೋಗಿರಬೇಕು. ಮಾರ್ಚ್ ಕೊನೆಯ ವಾರದಲ್ಲಿ ಒಂದೇ ಕೈಬರಹದಲ್ಲಿ, ಒಂದೇ ಪೆನ್ನಿನಲ್ಲಿ ಹನ್ನೆರಡು ರಸೀದಿ ಬರೆದು ತಂದರೆ ನಾನೇ ಹಿಂದಿರುಗಿಸುತ್ತೇನೆ.

ಇಡೀ ಕುಟುಂಬಕ್ಕೆ ಸೇರಿದ ಐನ್‌ಮನೆಯ ವಿಷಯ ಬೇರೆ. ನಿಮಗೂ ಒಡೆತನವಿರುವ ಮನೆಗೆ ನೀವೇ ಬಾಡಿಗೆ ಕಟ್ಟಿದೆ ಎನ್ನುವುದು ನಿಲ್ಲುವುದಿಲ್ಲ. ಸ್ವಂತ ಮನೆಯಲ್ಲಿ ವಾಸಿಸುವವರಿಗೆ ಈ ವಿನಾಯಿತಿಯೇ ಇಲ್ಲ. ಒಕ್ಕದ ಆಸ್ತಿಯ ಪಹಣಿಯಲ್ಲಿ ನಿಮ್ಮ ಹೆಸರೂ ಇದ್ದರೆ ಚಿಕ್ಕಪ್ಪನಿಂದ ಬಾಡಿಗೆ ರಸೀದಿ ಬರೆಸಿಕೊಂಡು ಬರಬೇಡಿ.

ರೆಸಾರ್ಟಿನಲ್ಲಿ ಕೆಲಸ, ಅವರೇ ವಸತಿ ಕೊಟ್ಟಿದ್ದಾರೆ. ಚೀಟಿಯಲ್ಲಿ ಅದರ ಸುಳಿವೇ ಇಲ್ಲ. ತೆರಿಗೆ ಇದೆಯೇ?

ಇರಬಹುದು. ಮಾಲೀಕರಿಗೆ ಸೇರಿದ ಮನೆಯನ್ನು ಬಾಡಿಗೆಯಿಲ್ಲದೆ ಕೊಟ್ಟರೆ, ನಮ್ಮಂಥ ಕಡಿಮೆ ಜನಸಂಖ್ಯೆಯ ಊರುಗಳಲ್ಲಿ ಸಂಬಳದ ಶೇಕಡ 5ರಷ್ಟನ್ನು ಅದರ ಬೆಲೆಯೆಂದು ಹಿಡಿದು ಆದಾಯಕ್ಕೆ ಸೇರಿಸುತ್ತಾರೆ. ಪೀಠೋಪಕರಣ ಇದ್ದರೆ ಅದರ ಬೆಲೆಗೂ ಲೆಕ್ಕವಿದೆ. ಇದು ಎರಡೂ ಪದ್ಧತಿಗಳಿಗೆ ಅನ್ವಯ. ತಿಂಗಳ ಚೀಟಿಯಲ್ಲಿ ಕಾಣದಿದ್ದರೂ ವರ್ಷದ ಕೊನೆಯ ಫಾರ್ಮ್ 16ರ ಜೊತೆಗಿನ 12ಬಿಎ ಹಾಳೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಗುಡ್ಡಗಾಡು ಭತ್ಯೆಗೆ ವಿನಾಯಿತಿ ಇದೆಯೇ? ಕುಶಾಲನಗರದವರಿಗೂ?

ಸಮುದ್ರ ಮಟ್ಟದಿಂದ 1,000 ಮೀಟರ್ ಅಥವಾ ಅದಕ್ಕಿಂತ ಎತ್ತರದ ಸ್ಥಳಕ್ಕಾಗಿ ಕೊಡುವ ಭತ್ಯೆಗೆ ಹಳೆ ಪದ್ಧತಿಯಲ್ಲಿ ತಿಂಗಳಿಗೆ 300 ರೂಪಾಯಿವರೆಗೆ ವಿನಾಯಿತಿ ಇದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಸಲ್ಲುತ್ತದೆ. ಕುಶಾಲನಗರ, ವಿರಾಜಪೇಟೆ ಸಾವಿರ ಮುಟ್ಟುವುದಿಲ್ಲ. ಒಂದೇ ಸಂಸ್ಥೆಯ ಎರಡು ಶಾಖೆಗಳಲ್ಲಿ ಒಂದೇ ಹೆಸರಿನ ಭತ್ಯೆ ಪಡೆಯುವ ಇಬ್ಬರಲ್ಲಿ ಘಾಟಿ ಹತ್ತಿದವರಿಗೆ ಮಾತ್ರ ವಿನಾಯಿತಿ. ನಮ್ಮ ಉದಾಹರಣೆಯಲ್ಲಿ ವರ್ಷಕ್ಕೆ ಬಂದ 6,000ದಲ್ಲಿ 3,600ಕ್ಕೆ ವಿನಾಯಿತಿ. ಮೊತ್ತ ಸಣ್ಣದು ಎಂಬುದು ನಿಜ, ಆದರೆ ಬಹಳ ಕಚೇರಿಗಳಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಕೊಡುವುದೂ ಇಲ್ಲ.

ಆ ಚೀಟಿಯಲ್ಲಿ 2,978 ಟಿಡಿಎಸ್ ಹೇಗೆ ಬಂತು?

ಇಲ್ಲಿಯೇ ಕಥೆ ಇರುವುದು. ಅವರು ಹಲವು ವರ್ಷಗಳಿಂದ ಏಪ್ರಿಲ್‌ನಲ್ಲಿ ಉಳಿತಾಯದ ಘೋಷಣೆ ಕೊಡುತ್ತಿದ್ದರು. ಅದೇ ಅಭ್ಯಾಸದಲ್ಲಿ 2025ರ ಏಪ್ರಿಲ್‌ನಲ್ಲಿಯೂ ಹಳೆ ಪದ್ಧತಿಗೆ ಗುರುತು ಹಾಕಿ, ಬಾಡಿಗೆ, ವಿಮೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದುಕೊಟ್ಟರು. ಕಚೇರಿ ಅವರು ಕೇಳಿದಂತೆಯೇ ಲೆಕ್ಕ ಹಾಕಿತು.

ವರ್ಷದ ಒಟ್ಟು ಸಂಬಳ 8,40,000. ಅದರಲ್ಲಿ ಬಾಡಿಗೆಯ 72,000, ಗುಡ್ಡಗಾಡಿನ 3,600, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500 ಕಳೆದರೆ 7,11,900 ಉಳಿಯುತ್ತದೆ. ಭವಿಷ್ಯ ನಿಧಿಯ 57,600 ಮತ್ತು ಜೀವ ವಿಮೆಯ ಕಂತು 30,000, ಜೊತೆಗೆ ಆರೋಗ್ಯ ವಿಮೆಯ 15,000 ತೆಗೆದರೆ 6,09,300. ಹಳೆ ಪದ್ಧತಿಯಲ್ಲಿ ತೆರಿಗೆಗೆ ಒಳಪಡುವ ಆದಾಯ ಐದು ಲಕ್ಷ ದಾಟಿದರೆ ರಿಬೇಟ್, ಎಂದರೆ ತೆರಿಗೆಯ ಮನ್ನಾ, ಇಲ್ಲ. ಐದು ಲಕ್ಷದವರೆಗಿನ ತೆರಿಗೆ 12,500, ಮೇಲಿನ 1,09,300ಕ್ಕೆ ಶೇಕಡ 20ರಂತೆ 21,860, ಒಟ್ಟು 34,360. ಶೇಕಡ 4 ಸೆಸ್ ಸೇರಿ 35,734. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 2,978.

ಈಗ ಹೊಸ ಪದ್ಧತಿ. 8,40,000ದಲ್ಲಿ 75,000 ಕಳೆದರೆ 7,65,000. ಹನ್ನೆರಡು ಲಕ್ಷದವರೆಗೆ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಬಾಡಿಗೆ ರಸೀದಿಯೂ ಬೇಡ, ಮಾಲೀಕರ ಪ್ಯಾನ್ ಕೂಡ ಬೇಡ.

ಅವರ ಘೋಷಣೆಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅಷ್ಟೆಲ್ಲ ಸರಿಯಾಗಿ ಬರೆದು ವರ್ಷಕ್ಕೆ 35,734 ಕಳೆದುಕೊಳ್ಳುವ ದಾರಿಯಲ್ಲಿದ್ದರು. ಸಂಬಳ ಬಿಟ್ಟು ಬೇರೆ ಆದಾಯವಿಲ್ಲದೆ ವರ್ಷಕ್ಕೆ 12,75,000ದವರೆಗೆ ಪಡೆಯುವವರು ಉಳಿತಾಯದ ಘೋಷಣೆಗೆ ಕೂರುವ ಮುಂಚೆ ಈ ಒಂದು ಲೆಕ್ಕವನ್ನು ಹಾಕಲೇಬೇಕು.

ಈಗಾಗಲೇ ಹಿಡಿದ ಹಣ ವಾಪಸು ಬರುತ್ತದೆಯೇ?

ಬರುತ್ತದೆ. ಅವರು ಗಮನಿಸಿದ್ದು ಡಿಸೆಂಬರಿನಲ್ಲಿ. ಅಷ್ಟರಲ್ಲಿ ಒಂಬತ್ತು ತಿಂಗಳಲ್ಲಿ 26,802 ಹೋಗಿತ್ತು. ವರ್ಷದ ಮಧ್ಯೆ ಪದ್ಧತಿ ಬದಲಿಸಲು ಕೆಲವು ಕಚೇರಿಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಪ್ಪದಿದ್ದರೂ ದಾರಿ ಮುಚ್ಚುವುದಿಲ್ಲ. ಕಚೇರಿಗೆ ಹೇಳಿದ್ದು ಟಿಡಿಎಸ್ ಹಿಡಿಯುವುದಕ್ಕಷ್ಟೇ. ನಿಜವಾದ ಆಯ್ಕೆ ನಡೆಯುವುದು ರಿಟರ್ನ್ ಸಲ್ಲಿಸುವಾಗ. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ಪ್ರತಿ ವರ್ಷ ಅಲ್ಲಿ ತಮಗೆ ಬೇಕಾದ ಪದ್ಧತಿ ಆರಿಸಬಹುದು. ಹಿಡಿದ ಹಣ ಮರುಪಾವತಿಯಾಗಿ ಖಾತೆಗೆ ಬರುತ್ತದೆ. ಹಳೆ ಪದ್ಧತಿ ಬೇಕಿದ್ದವರು ಮಾತ್ರ ಗಡುವಿನೊಳಗೆ ರಿಟರ್ನ್ ಹಾಕಲೇಬೇಕು. ತಡವಾದರೆ ಹೊಸದೇ ಗತಿ.

ಮನೆಯ ಒಂದು ಭಾಗದಲ್ಲಿ ಹೋಂಸ್ಟೇ ನಡೆಸುವವರು ಎಚ್ಚರ. ಆ ಆದಾಯವನ್ನು ವ್ಯಾಪಾರವೆಂದು ತೋರಿಸುತ್ತಿದ್ದರೆ ವರ್ಷವರ್ಷ ಆಚೀಚೆ ಜಿಗಿಯಲು ಆಗುವುದಿಲ್ಲ. ಹಳೆ ಪದ್ಧತಿಗೆ 10-ಐಇಎ ಎಂಬ ಫಾರ್ಮ್ ಬೇಕು; ಒಮ್ಮೆ ಅದರಿಂದ ಹೊಸದಕ್ಕೆ ಮರಳಿದರೆ, ವ್ಯಾಪಾರದ ಆದಾಯ ಇರುವವರೆಗೆ ಮತ್ತೆ ಹಳೆಯದಕ್ಕೆ ಬರುವಂತಿಲ್ಲ.

ಹಾಗಾದರೆ ಹಳೆ ಪದ್ಧತಿ ಯಾರಿಗೆ ಲಾಭ?

ದೊಡ್ಡ ಸಂಬಳ, ದೊಡ್ಡ ಬಾಡಿಗೆ ಅಥವಾ ಗೃಹ ಸಾಲ ಇದ್ದವರಿಗೆ. ವರ್ಷಕ್ಕೆ 15 ಲಕ್ಷ ಸಂಬಳ ಎಂದುಕೊಳ್ಳಿ. ಹೊಸ ಪದ್ಧತಿಯಲ್ಲಿ ತೆರಿಗೆ 93,750, ಸೆಸ್ ಬೇರೆ. ಹಳೆಯದರಲ್ಲಿ ಇದಕ್ಕಿಂತ ಕಡಿಮೆ ಬರಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಇನ್ನೂ 5,43,750ಕ್ಕಿಂತ ಹೆಚ್ಚು ಕಡಿತ ತೋರಿಸಬೇಕು. 80ಸಿ ಪೂರ್ತಿ ತುಂಬಿದರೆ ಒಂದೂವರೆ ಲಕ್ಷ, ವಾಸದ ಮನೆಯ ಸಾಲದ ಬಡ್ಡಿ ಹೆಚ್ಚೆಂದರೆ ಎರಡು ಲಕ್ಷ. ಉಳಿದ ಸುಮಾರು ಎರಡು ಲಕ್ಷವನ್ನು ಎಲ್ಲಿಂದ ತರುವುದು ಎಂದು ಯೋಚಿಸಿದರೆ ಉತ್ತರ ನಿಮಗೇ ಸಿಗುತ್ತದೆ.

ಹೊಸ ಪದ್ಧತಿಯಲ್ಲಿ ಇಳಿಸಿಕೊಳ್ಳಲು ಏನೂ ಇಲ್ಲವೇ?

ಒಂದಿದೆ, ಆದರೆ ಅದು ಘೋಷಣೆಯಿಂದ ಬರುವುದಿಲ್ಲ. ಎನ್‌ಪಿಎಸ್ ಎಂಬ ಪಿಂಚಣಿ ಯೋಜನೆಗೆ ಮಾಲೀಕರ ಕಡೆಯಿಂದ ಹೋಗುವ ವಂತಿಗೆಯನ್ನು ಮೂಲ ವೇತನದ ಶೇಕಡ 14ರವರೆಗೆ ಕಳೆಯಬಹುದು. ನೀವಾಗಿ ಕಟ್ಟುವ ಎನ್‌ಪಿಎಸ್‌ಗೆ ಈ ಸೌಲಭ್ಯ ಇಲ್ಲ.

ವರ್ಷಕ್ಕೆ 13,50,000 ಸಂಬಳ, ಅದರಲ್ಲಿ ಮೂಲ ವೇತನ ಆರು ಲಕ್ಷ ಇರುವವರನ್ನು ನೋಡಿ. 75,000 ಕಳೆದರೆ 12,75,000. ತೆರಿಗೆ ಸೆಸ್ ಸೇರಿ 74,100. ಅವರು ವಿಶೇಷ ಭತ್ಯೆಯಿಂದ 84,000ವನ್ನು ಎನ್‌ಪಿಎಸ್‌ನ ಮಾಲೀಕರ ವಂತಿಗೆಯಾಗಿ ತಿರುಗಿಸಲು ಕೇಳಿದರು ಎಂದುಕೊಳ್ಳೋಣ. ಆಗ ಆದಾಯ 11,91,000ಕ್ಕೆ ಇಳಿದು ತೆರಿಗೆ ಸೊನ್ನೆಯಾಗುತ್ತದೆ. ಆ ಹಣ ನಿವೃತ್ತಿಯವರೆಗೆ ಬಹುಮಟ್ಟಿಗೆ ಕೈಗೆ ಸಿಗುವುದಿಲ್ಲ ಎಂಬುದೇ ಇದಕ್ಕೆ ಕೊಡುವ ಬೆಲೆ. ಮಗಳ ಕಾಲೇಜು ಶುಲ್ಕಕ್ಕೆ ಇಟ್ಟ ಹಣವನ್ನು ಇದಕ್ಕೆ ಹಾಕಬೇಡಿ. ಇದಕ್ಕೆ ಸಂಬಳದ ರಚನೆಯನ್ನೇ ಬದಲಿಸಬೇಕಾಗುತ್ತದೆ, ಆದ್ದರಿಂದ ಏಪ್ರಿಲ್‌ನಲ್ಲಿಯೇ ಕೇಳಬೇಕು.

ಜನವರಿಯಿಂದ ಇದ್ದಕ್ಕಿದ್ದಂತೆ ಟಿಡಿಎಸ್ ಜಾಸ್ತಿಯಾಯಿತು. ಏಕೆ?

ಹಳೆ ಪದ್ಧತಿಯವರಿಗೆ ಬರುವ ಬಾಧೆ ಇದು. ಏಪ್ರಿಲ್‌ನಲ್ಲಿ ಕೊಡುವುದು ಮಾತು, ಜನವರಿಯಲ್ಲಿ ಕೊಡಬೇಕಾದದ್ದು ಸಾಕ್ಷಿ. ಸಾಕ್ಷಿ ಬರದಿದ್ದರೆ ಕಚೇರಿ ಆ ವಿನಾಯಿತಿಯನ್ನು ವರ್ಷಪೂರ್ತಿಗೆ ಅಳಿಸಿ, ಬಾಕಿಯನ್ನು ಉಳಿದ ಮೂರು ತಿಂಗಳಿಗೆ ಹಂಚುತ್ತದೆ. ನಮ್ಮ ಉದಾಹರಣೆಯವರು ಬಾಡಿಗೆಯ ದಾಖಲೆ ಕೊಡದೇ ಇದ್ದಿದ್ದರೆ 72,000ದ ಮೇಲೆ 14,976 ಹೆಚ್ಚಾಗಿ, ತಿಂಗಳಿಗೆ ಇನ್ನೂ 4,992 ಹೋಗುತ್ತಿತ್ತು. ಗಡುವು ತಪ್ಪಿದರೂ ಬಾಡಿಗೆ ನಿಜವಾಗಿದ್ದರೆ ರಿಟರ್ನ್‌ನಲ್ಲಿ ಆ ವಿನಾಯಿತಿಯನ್ನು ಕೇಳಬಹುದು.

ಮನೆಯಲ್ಲಿ ಕಾಫಿ ತೋಟ ಇದೆ. ಚೀಟಿಗೂ ಅದಕ್ಕೂ ಏನು ಸಂಬಂಧ?

ಚೀಟಿಯಲ್ಲಿ ಯಾವ ಸಂಬಂಧವೂ ಕಾಣುವುದಿಲ್ಲ. ತೊಂದರೆ ಇರುವುದೂ ಅಲ್ಲಿಯೇ. ಕೊಯ್ದು ಒಣಗಿಸಿ ಚೆರಿಯಾಗಿ ಮಾರಿದ ಕಾಫಿಯ ಆದಾಯ ಕೃಷಿ ಆದಾಯ, ಅದಕ್ಕೆ ನೇರ ತೆರಿಗೆ ಇಲ್ಲ. ಆದರೆ ಅದು ನಿಮ್ಮ ಪಾಲಿಗೆ 5,000 ಮೀರಿದರೆ, ಸಂಬಳದ ಮೇಲಿನ ದರ ನಿರ್ಧರಿಸಲು ಅದನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ.

ಸಂಬಳದಿಂದ ತೆರಿಗೆಗೆ ಒಳಪಡುವ ಆದಾಯ 11,50,000, ತೋಟದಿಂದ ನಿವ್ವಳ 4,00,000 ಎಂದಿಟ್ಟುಕೊಳ್ಳಿ. ಎರಡನ್ನೂ ಕೂಡಿಸಿ 15,50,000ಕ್ಕೆ ಹೊಸ ಪದ್ಧತಿಯ ತೆರಿಗೆ 1,12,500. ಕೃಷಿ ಆದಾಯಕ್ಕೆ ನಾಲ್ಕು ಲಕ್ಷದ ಮೂಲ ಮಿತಿ ಸೇರಿಸಿ ಎಂಟು ಲಕ್ಷಕ್ಕೆ ತೆರಿಗೆ 20,000. ಇದನ್ನು ಕಳೆದರೆ 92,500. ರಿಬೇಟ್ ಹೆಚ್ಚೆಂದರೆ 60,000. ಉಳಿದ 32,500ಕ್ಕೆ ಸೆಸ್ ಸೇರಿ 33,800 ನೀವು ಕಟ್ಟಬೇಕು. ಕಚೇರಿಗೆ ತೋಟದ ವಿಷಯ ಗೊತ್ತಿಲ್ಲದ ಕಾರಣ ಚೀಟಿಯಲ್ಲಿ ಟಿಡಿಎಸ್ ಸೊನ್ನೆ ಎಂದೇ ಇರುತ್ತದೆ, ಜುಲೈನಲ್ಲಿ ರಿಟರ್ನ್ ಹಾಕುವಾಗ ಬಡ್ಡಿಯೊಂದಿಗೆ ಎದುರಾಗುತ್ತದೆ. ಬೆಳೆಗಾರರೇ ಸಿಪ್ಪೆ ತೆಗೆಸಿ ಬೀಜ ಹಸನು ಮಾಡುವ ಕ್ಯೂರಿಂಗ್ ಮಾಡಿಸಿ ಮಾರಿದರೆ ಆ ಲಾಭದ ಶೇಕಡ 25 ವ್ಯಾಪಾರದ ಆದಾಯವಾಗುತ್ತದೆ. ಹೋಂಸ್ಟೇಯವರಿಗೆ ಹೇಳಿದ ಎಚ್ಚರಿಕೆ ಆಗ ನಿಮಗೂ ಸಲ್ಲುತ್ತದೆ.

ಸಂಬಳ 12,75,000ಕ್ಕಿಂತ ಸ್ವಲ್ಪ ಹೆಚ್ಚಿದೆ. ಹತ್ತು ಸಾವಿರ ಮೀರಿದ್ದಕ್ಕೆ ಅರವತ್ತು ಸಾವಿರ ತೆರಿಗೆಯೇ?

ಅಲ್ಲ. ಸಂಬಳ 12,85,000 ಇದ್ದು, ತೆರಿಗೆಗೆ ಒಳಪಡುವ ಆದಾಯ 12,10,000 ಆದರೆ ಸಾಮಾನ್ಯ ಲೆಕ್ಕದಲ್ಲಿ 61,500 ಬರುತ್ತದೆ. ಆದರೆ ಹನ್ನೆರಡು ಲಕ್ಷ ಮೀರಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗಬಾರದು ಎಂಬ ರಿಯಾಯಿತಿ ಇರುವುದರಿಂದ 10,000 ಮತ್ತು ಸೆಸ್ 400 ಕಟ್ಟಿದರೆ ಸಾಕು. ನಿಮ್ಮ ತೆರಿಗೆ ಹಾಳೆಯಲ್ಲಿ 61,500 ಎಂದೇ ಇದ್ದರೆ ಆ ಹಾಳೆಯನ್ನು ಮುದ್ರಿಸಿಕೊಂಡು ಲೆಕ್ಕ ವಿಭಾಗಕ್ಕೆ ಹೋಗಿ ಕೇಳಿ.